ಗ್ರೂಪ್ ಫೋಟೋಗೆ ಒಬ್ಬಳನ್ನು ಸೇರಿಸಲು ನಾನು ನೋಡಿದ ಮೂರು ದಾರಿ

ನಮ್ಮ ಹತ್ತನೇ ತರಗತಿಯ ಬೀಳ್ಕೊಡುಗೆ ಫೋಟೋ ತೆಗೆದ ದಿನ ಒಬ್ಬಳು ಹುಡುಗಿ ಇರಲಿಲ್ಲ. ಅಜ್ಜಿಯ ಉತ್ತರಕ್ರಿಯೆಗೆ, ಅಂದರೆ ಬೊಜ್ಜಕ್ಕೆ, ಕುಂದಾಪುರಕ್ಕೆ ಹೋಗಿದ್ದಳು. "ಅವಳಿಲ್ಲದೆ ಪ್ರಿಂಟ್ ಹಾಕಿಸ್ಬೇಡಿ ಟೀಚರ್" ಅಂತ ಮಕ್ಕಳೆಲ್ಲ ಹಿಡಿದುಕೊಂಡರು. ಫೋಟೋ ತೆಗೆದವಳು ನಾನೇ, ಉಡುಪಿಯ ನಮ್ಮ ಶಾಲೆಯ ಜಗಲಿ ಮೆಟ್ಟಿಲಲ್ಲಿ. ಅವಳನ್ನೂ ಅವಳ ಅಮ್ಮನನ್ನೂ ಕೇಳಿ, ಒಪ್ಪಿಗೆ ಸಿಕ್ಕ ಮೇಲೆ ಕೆಲಸ ಶುರು ಮಾಡಿದೆ.

ಮೊದಲು ನೋಡಿದ್ದು ಎಲ್ಲರಿಗೂ ಹೊಳೆಯುವ ದಾರಿ. ಸಾಲಿನಲ್ಲಿದ್ದ ಒಬ್ಬಳ ಮೈಯನ್ನು ಕಾಪಿ ಮಾಡಿ, ಅದರ ಮೇಲೆ ಇವಳ ಪಾಸ್‌ಪೋರ್ಟ್ ಫೋಟೋದ ಮುಖ ಕೂರಿಸುವುದು. ಯೂನಿಫಾರ್ಮ್ ತಾನಾಗಿ ಹೊಂದುತ್ತದೆ, ಅದೊಂದೇ ಲಾಭ. ಸ್ಟುಡಿಯೋದಲ್ಲಿ ಮುಖದ ಎರಡೂ ಬದಿಗೆ ಒಂದೇ ಬೆಳಕು. ನಮ್ಮ ಜಗಲಿಯಲ್ಲಿ ಸಂಜೆಯ ಬಿಸಿಲು ಎಡದಿಂದ. ಕುತ್ತಿಗೆ ಹತ್ತಿರ ಬಣ್ಣ ಕೂಡಲೇ ಇಲ್ಲ. ವೇಲಿನ ಅದೇ ಮಡಿಕೆ, ಅದೇ ಪಿನ್ನು ಎರಡು ಕಡೆ ಕಂಡಿತು. ಅದಕ್ಕಿಂತ ಜಾಸ್ತಿ ಬೇಸರವಾದದ್ದು ಬೇರೆ: ಅವಳ ಭುಜ, ಅವಳು ನಿಲ್ಲುವ ರೀತಿ, ಯಾವುದೂ ಅದರಲ್ಲಿರಲಿಲ್ಲ. ಬಿಟ್ಟೆ.

ಎರಡನೆಯದು ಆಗಸ್ಟ್ 15ರ ಫೋಟೋದಿಂದ ಅವಳನ್ನು ಇಡಿಯಾಗಿ ಕತ್ತರಿಸಿ ತರುವುದು. ಮೈಯೂ ಅವಳದ್ದೇ, ಯೂನಿಫಾರ್ಮೂ ಅದೇ. ಆದರೆ ಅದು ಮಳೆಗಾಲದ ಮೋಡದ ಬೆಳಕು, ನೆರಳೇ ಇಲ್ಲ. ಮೊಬೈಲಿನಲ್ಲಿ ಮೇಲಿಂದ ತೆಗೆದದ್ದು, ಹಾಗಾಗಿ ಹಣೆ ದೊಡ್ಡದು, ಭುಜ ಇಳಿದ ಹಾಗೆ ಕಾಣುತ್ತಿತ್ತು. ಬಣ್ಣ ಸರಿ ಮಾಡಬಹುದು, ಕ್ಯಾಮೆರಾ ನೋಡಿದ ಕೋನವನ್ನು ಹಾಗೆ ತಿದ್ದಲು ಆಗುವುದಿಲ್ಲ. ಮಗು ದೂರದೂರಿನಲ್ಲಿದ್ದು ಬರಲು ಆಗದೇ ಇದ್ದರೆ ಮಾತ್ರ ಈ ದಾರಿ. ಆಗಲೂ ಮುಖದ ಮಟ್ಟದಲ್ಲಿ ತೆಗೆದ, ಬಿಸಿಲು ಅದೇ ಬದಿಯಿಂದ ಬಿದ್ದ ಫೋಟೋ ಹುಡುಕಿ.

ನನಗೆ ಒಪ್ಪಿಗೆಯಾದದ್ದು ಮೂರನೆಯದು: ಹೊಸದಾಗಿ ತೆಗೆಯುವುದು. ನಾಲ್ಕು ದಿನ ಬಿಟ್ಟು ಅವಳು ಬಂದಳು. ಮೂಲ ಫೋಟೋ ತೆಗೆದದ್ದು 3.40ಕ್ಕೆ, ಫೈಲಿನಲ್ಲೇ ಸಮಯ ಇತ್ತು. ಅದೇ ಹೊತ್ತಿಗೆ, ಅದೇ ಕ್ಯಾಮೆರಾ, ಲೆನ್ಸ್ ಅದೇ 35 ಎಂಎಂಗೆ ಇಟ್ಟು ನಿಂತೆ. ಎಷ್ಟು ದೂರ ನಿಂತಿದ್ದೆ ಎಂಬುದು ನನ್ನ ಫೈಲಿನಲ್ಲಿ ಇರಲಿಲ್ಲ. ಹಳೆಯ ಫೋಟೋವನ್ನು ಮೊಬೈಲಿನಲ್ಲಿ ಹಿಡಿದು, ಜಗಲಿಯ ಕಂಬ ಮತ್ತು ಹಿಂದಿನ ಕಿಟಕಿ ಒಂದಕ್ಕೊಂದು ಅದೇ ಜಾಗದಲ್ಲಿ ಕಾಣುವವರೆಗೆ ಹಿಂದೆ ಮುಂದೆ ಸರಿದೆ.

ಇಲ್ಲಿ ಒಂದು ಉಪಾಯ ತುಂಬಾ ಕೈಹಿಡಿಯಿತು. ಮೂಲ ಫೋಟೋದಲ್ಲಿ ಎರಡನೇ ಸಾಲಿನ ತುದಿಯಲ್ಲಿದ್ದ ಅವಳ ಗೆಳತಿಯನ್ನೂ ಕರೆದು, ಅದೇ ಮೆಟ್ಟಿಲಲ್ಲಿ, ಅದೇ ಜಾಗದಲ್ಲಿ ನಿಲ್ಲಿಸಿದೆ. ಪಕ್ಕಕ್ಕೆ ಇವಳು. ಇಬ್ಬರನ್ನೂ ಫ್ರೇಮಿನ ನಡುವೆ ತರಲಿಲ್ಲ, ಮೂಲದಲ್ಲಿದ್ದ ಹಾಗೆ ಬಲ ಅಂಚಿನಲ್ಲೇ ಇಟ್ಟೆ. ಅಗಲದ ಲೆನ್ಸಿನಲ್ಲಿ ಅಂಚಿನವರ ಮುಖ ಸ್ವಲ್ಪ ಎಳೆದ ಹಾಗೆ ಬರುತ್ತದೆ. ನಡುವೆ ನಿಲ್ಲಿಸಿ ತೆಗೆದು ಅಂಚಿಗೆ ತಂದರೆ ಅವಳೊಬ್ಬಳೇ ಬೇರೆ ಥರ ಕಾಣುತ್ತಾಳೆ.

ಎತ್ತರವನ್ನು ಅಂದಾಜಿನಲ್ಲಿ ಹೊಂದಿಸುವ ಕೆಲಸ ಆ ಗೆಳತಿಯಿಂದ ತಪ್ಪಿತು. ಹೊಸ ಫೋಟೋದಲ್ಲಿ ಗೆಳತಿಯ ಗದ್ದದಿಂದ ಕೂದಲಿನ ಅಂಚಿನವರೆಗೆ 185 ಪಿಕ್ಸೆಲ್, ಹಳೆಯದರಲ್ಲಿ 148. ಕಂಬ, ಕಿಟಕಿ ನೋಡಿಕೊಂಡು ನಿಂತರೂ ನಾನು ಹತ್ತಿರ ನಿಂತುಬಿಟ್ಟಿದ್ದೆ. ಹೊಸ ಫೋಟೋವನ್ನು 80 ಶೇಕಡಾಕ್ಕೆ ಇಳಿಸಿ, ಹಳೆಯದರ ಮೇಲೆ ಲೇಯರ್ ಆಗಿ ಇಟ್ಟು, ಅರ್ಧ ಪಾರದರ್ಶಕ ಮಾಡಿ, ಗೆಳತಿಯ ಕಣ್ಣನ್ನು ಅವಳದೇ ಕಣ್ಣಿನ ಮೇಲೆ ಕೂರಿಸಿದೆ. ಭುಜವೂ ಕೂತಿತು. ಆಮೇಲೆ ಹೊಸ ಲೇಯರಿನಲ್ಲಿದ್ದ ಗೆಳತಿಯನ್ನು ಮಾಸ್ಕಿನಿಂದ ಮರೆಮಾಡಿದರೆ ಇವಳು ತನ್ನ ಎತ್ತರದಲ್ಲೇ ನಿಂತಿದ್ದಾಳೆ, ಗೆಳತಿಗಿಂತ ಮೂರು ಬೆರಳು ಎತ್ತರ, ನಿಜದಲ್ಲಿ ಇರುವ ಹಾಗೆ.

ಅಂತರಕ್ಕೆ ಸಾಲಿನ ಮುಖದಿಂದ ಮುಖಕ್ಕೆ ಅಳೆದೆ, ಸುಮಾರು 330 ಪಿಕ್ಸೆಲ್. ಇವಳು 380ರಲ್ಲಿದ್ದಳು, ಯಾರೋ ಆಮೇಲೆ ಬಂದು ನಿಂತ ಹಾಗೆ. 50 ಪಿಕ್ಸೆಲ್ ಒಳಗೆ ಸರಿಸಿ, ತೋಳನ್ನು ಗೆಳತಿಯ ಭುಜದ ಹಿಂದೆ ತೂರಿಸಿದೆ. ಸಾಲಿನ ನಡುವೆ ಜಾಗ ಮಾಡಲು ಹೋಗಬೇಡಿ. ಅರ್ಧ ಸಾಲನ್ನು ಸರಿಸಿದರೆ ಹಿಂದಿನ ಕಿಟಕಿಯ ಸರಳುಗಳು ಮುರಿದ ಹಾಗಾಗುತ್ತವೆ. ಎರಡನೇ ಸಾಲಾದ್ದರಿಂದ ಕಾಲು ಮುಂದಿನವರ ಮರೆಯಲ್ಲಿತ್ತು, ನೆಲದ ನೆರಳಿನ ತಾಪತ್ರಯ ಇರಲಿಲ್ಲ.

ಯೂನಿಫಾರ್ಮಿನಲ್ಲಿ ತೊಂದರೆ ಕೊಟ್ಟದ್ದು ಬಿಳಿ ವೇಲ್. ನೀಲಿ ಟಾಪ್ ಹೊಂದಿತ್ತು, ವೇಲ್ ಮಾತ್ರ ಪಕ್ಕದವಳದ್ದಕ್ಕಿಂತ ಬೆಳ್ಳಗೆ ಹೊಳೆಯಿತು. ಫೋಟೋವನ್ನು ಕಪ್ಪುಬಿಳುಪು ಮಾಡಿ ಹೆಬ್ಬೆರಳಿನಷ್ಟು ಚಿಕ್ಕದಾಗಿ ನೋಡಿದಾಗ ತಕ್ಷಣ ಗೊತ್ತಾಯಿತು, ಕಣ್ಣು ನೇರ ಅಲ್ಲಿಗೇ ಹೋಯಿತು. ಅದನ್ನು ಸ್ವಲ್ಪ ತಗ್ಗಿಸಿದೆ. ಗೆಳತಿಯ ಭುಜದಿಂದ ಇವಳ ತೋಳಿನ ಮೇಲೆ ಬೀಳಬೇಕಾದ ತೆಳು ನೆರಳನ್ನೂ ಮೆತ್ತಗಿನ ಬ್ರಷ್ಷಿನಲ್ಲಿ ಹಾಕಿದೆ. ಅದು ಬಂದ ಮೇಲೆಯೇ ಇಬ್ಬರೂ ತಾಗಿ ನಿಂತ ಹಾಗಾದದ್ದು.

8×12ರ ಪ್ರಿಂಟ್ ಅವಳ ಕೈಗೆ ಕೊಟ್ಟಾಗ ಅವಳು ಮೊದಲು ನೋಡಿದ್ದು ಜಡೆಯ ರಿಬ್ಬನ್. "ಎಲ್ಲರದ್ದೂ ಕೆಂಪು ಟೀಚರ್, ನನ್ನದೂ ಕೆಂಪೇ ಉಂಟು" ಅಂದಳು. ಬರುವ ಮೊದಲು ಗೆಳತಿ ಫೋನಲ್ಲಿ ಹೇಳಿದ್ದಳಂತೆ.