ಒಂದೇ ಬರ್ತ್‌ಡೇ ಹಾಡಿಗೆ ಮೂರು ಸೆವೆಂತ್ ಕಾರ್ಡ್ ಹಿಡಿದು ನೋಡಿದೆ

ಮೇಜರ್ ಸೆವೆಂತ್, ಡಾಮಿನೆಂಟ್ ಸೆವೆಂತ್, ಮೈನರ್ ಸೆವೆಂತ್. ನಾಲ್ಕು ಸ್ವರ ಒಟ್ಟಿಗೆ ಒತ್ತುವ ಈ ಮೂರು ಕಾರ್ಡ್‌ಗಳನ್ನೂ ಕೀಬೋರ್ಡ್ ಮೇಲೆ ಹಿಡಿಯುವುದು ಕಷ್ಟವಲ್ಲ. ಹಾಡಿನ ನಡುವೆ ಬಂದಾಗ ಇದು ಯಾವುದು ಅಂತ ಕಿವಿಗೆ ಗೊತ್ತಾಗುವುದೇ ಕಷ್ಟ. ನಾನು ಕಲಬುರಗಿಯಲ್ಲಿ ಆರ್ಕೆಸ್ಟ್ರಾಗೆ ಕೀಬೋರ್ಡ್ ನುಡಿಸುತ್ತೇನೆ. ನಮ್ಮ ಕಡೆ ಬಹಳ ಜನರ ಕಿವಿ ಹಾರ್ಮೋನಿಯಂ ಮುಂದೆ ಕೂತು ತಯಾರಾದದ್ದು. ಹಾಗಾಗಿ ಸ್ವರದ ಲೆಕ್ಕದಲ್ಲೇ ಹೇಳುತ್ತೇನೆ. ಬಿಳಿ ಒಂದನ್ನು ಸಾ ಅಂತ ಇಟ್ಟುಕೊಳ್ಳಿ.

ಮೂರರಲ್ಲೂ ಸಾ ಮತ್ತು ಪ ಬದಲಾಗುವುದಿಲ್ಲ. ಮೇಜರ್ ಸೆವೆಂತ್‌ನಲ್ಲಿ ಗ ಶುದ್ಧ, ನಿ ಶುದ್ಧ. ಡಾಮಿನೆಂಟ್‌ನಲ್ಲಿ ಗ ಶುದ್ಧ, ನಿ ಕೋಮಲ. ಮೈನರ್ ಸೆವೆಂತ್‌ನಲ್ಲಿ ಎರಡೂ ಕೋಮಲ. ಕೀಬೋರ್ಡ್ ಪರದೆಯಲ್ಲಿ ಇವು CM7, C7, Cm7 ಅಂತ ಬರುತ್ತವೆ. ದೊಡ್ಡ M ಯಾವುದು, ಚಿಕ್ಕ m ಯಾವುದು ಅಂತ ಸ್ಟೇಜ್ ಬೆಳಕಿನಲ್ಲಿ ನೋಡುತ್ತಾ ಕೂತರೆ ಹಾಡು ಮುಂದೆ ಹೋಗಿರುತ್ತದೆ.

ಎಲ್ಲರೂ ಮೊದಲು ಹೇಳಿಕೊಡುವುದು ಭಾವದ ಲೆಕ್ಕ. ಮೇಜರ್ ಅಂದರೆ ಖುಷಿ, ಮೈನರ್ ಅಂದರೆ ದುಃಖ. ಸೆವೆಂತ್ ಕಾರ್ಡ್‌ಗಳಿಗೆ ಇದು ಅಷ್ಟಾಗಿ ನಡೆಯುವುದಿಲ್ಲ. ಮೇಜರ್ ಸೆವೆಂತ್ ಕೇಳಿ ಎಷ್ಟೋ ಜನ ‘ಸ್ವಲ್ಪ ಬೇಜಾರಿನದು’ ಅನ್ನುತ್ತಾರೆ. ಅವರು ಹೇಳುವುದು ಸುಳ್ಳೂ ಅಲ್ಲ. ಅದರ ಮೇಲಿನ ಮೂರು ಸ್ವರ ಗ, ಪ, ನಿ ಸೇರಿದರೆ ಒಂದು ಮೈನರ್ ಕಾರ್ಡೇ ಆಗುತ್ತದೆ. ಮೈನರ್ ಸೆವೆಂತ್‌ನ ಮೇಲಿನ ಮೂರು ಸೇರಿದರೆ ಮೇಜರ್ ಕಾರ್ಡ್. ಮೂಡ್ ನೋಡಿ ಗುರುತಿಸಲು ಹೋದರೆ ಇವೆರಡೂ ಅದಲುಬದಲು ಆಗುವುದು ಇದಕ್ಕೇ.

ನನಗೆ ಕೆಲಸಕ್ಕೆ ಬಂದದ್ದು ಬೇರೆ ದಾರಿ. ಸಾ, ಪ ಎರಡನ್ನೂ ಬಿಟ್ಟು ಗ, ನಿ ಮಾತ್ರ ಒಟ್ಟಿಗೆ ಒತ್ತಿ. ಎರಡೂ ಶುದ್ಧ ಇದ್ದರೆ ಅವುಗಳ ನಡುವಿನ ಅಂತರ ಸಾ-ಪ ಅಂತರದಷ್ಟೇ. ಎರಡೂ ಕೋಮಲ ಇದ್ದರೂ ಅಷ್ಟೇ. ಕೇಳಲು ಸಮಾಧಾನ. ಶುದ್ಧ ಗ, ಕೋಮಲ ನಿ ಇಟ್ಟಾಗ ಮಾತ್ರ ಅಂತರ ಅರ್ಧ ಸ್ವರ ಕಡಿಮೆಯಾಗಿ, ಸಾ ಮತ್ತು ತೀವ್ರ ಮ ಒಟ್ಟಿಗೆ ಒತ್ತಿದ ಹಾಗೆ ಕೇಳುತ್ತದೆ. ಅಂದರೆ ಡಾಮಿನೆಂಟ್ ಒಂದು ಕಡೆ, ಉಳಿದೆರಡು ಇನ್ನೊಂದು ಕಡೆ. ಮೊದಲು ಕೇಳಬೇಕಾದದ್ದು ‘ಇದು ಎಳೆಯುತ್ತಿದೆಯಾ, ಕೂತಿದೆಯಾ’ ಅಂತ. ಖುಷಿ-ದುಃಖ ಆಮೇಲಿನ ಮಾತು.

ಇದನ್ನು ಪರೀಕ್ಷೆ ಮಾಡಲು ಬರ್ತ್‌ಡೇ ಹಾಡಿನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಮೂರನೇ ಸಾಲು ತೆಗೆದುಕೊಳ್ಳಿ, ಹುಡುಗನ ಹೆಸರು ಬರುವುದು. ಧ್ವನಿ ಮೇಲಿನ ಪ ಮುಟ್ಟಿ, ಗ, ಸಾ ಅಂತ ಇಳಿದು, ಹೆಸರಿನ ಮೇಲೆ ನಿ, ಧ ಹಾಡುತ್ತದೆ. ಹೆಸರಿಗೆ ಕಾರ್ಡ್ ಮಧ್ಯಮದ್ದು, ಅಂದರೆ F. ಅದಕ್ಕಿಂತ ಮೊದಲು ಸಾಮಾನ್ಯವಾಗಿ C. ಆ C ಜಾಗದಲ್ಲಿ ಮೂರನ್ನೂ ಇಟ್ಟು ನೋಡಿದೆ.

C7 ಇಟ್ಟ ತಕ್ಷಣ ಹಾಡು ಹೆಸರಿನ ಕಡೆ ಜಾರುತ್ತದೆ. ಶುದ್ಧ ಗ ಅರ್ಧ ಸ್ವರ ಮೇಲೇರಿ ಮ ಆಗುತ್ತದೆ, ಕೋಮಲ ನಿ ಅರ್ಧ ಸ್ವರ ಇಳಿದು ಧ ಆಗುತ್ತದೆ. ಎರಡೂ F ಕಾರ್ಡಿನ ಸ್ವರಗಳೇ. ಸೇಡಂ ರಸ್ತೆಯ ಕಡೆ ಇರುವ ಒಬ್ಬ ಹಿರಿಯರು ಬರೀ ಹಾರ್ಮೋನಿಯಂ ಬಲ್ಲವರು. ಅವರ ಮುಂದೆ C7 ಹಿಡಿದು ಅಲ್ಲೇ ನಿಲ್ಲಿಸಿದೆ. ‘ತಮ್ಮಾ, ಇದಕ್ಕ ಮುಂದ ಮಧ್ಯಮ ಬೇಕಾಗ್ಯಾದ ನೋಡು’ ಅಂದರು. ಕಾರ್ಡಿನ ಹೆಸರು ಗೊತ್ತಿಲ್ಲದೆಯೂ ಕಾರ್ಡಿನ ಕೆಲಸ ಅವರಿಗೆ ಕೇಳಿಸಿತ್ತು.

CM7 ಇಟ್ಟರೆ ಆ ಎಳೆತ ಇಲ್ಲ. ಚಂದವಾಗಿದೆ, ಆದರೆ ಹೋಗುವ ಅವಸರ ಇಲ್ಲ. ಧ್ವನಿ ಸಾ ಮೇಲೆ ಬಂದಾಗ ಪಕ್ಕದಲ್ಲೇ ಇರುವ ಶುದ್ಧ ನಿ ಸ್ವಲ್ಪ ಉಜ್ಜುತ್ತದೆ. ಹಾರ್ಮೋನಿಯಂನಲ್ಲಿ ಇದು ಇನ್ನೂ ಜಾಸ್ತಿ, ಕೇಳುವವರಿಗೆ ರೀಡ್ ಕೆಟ್ಟಿದೆ ಅನ್ನಿಸಬಹುದು. Cm7 ಅಂತೂ ಇಲ್ಲಿ ಸೋಲುತ್ತದೆ. ಜನ ಶುದ್ಧ ಗ ಹಾಡುತ್ತಿರುವಾಗ ನೀವು ಕೋಮಲ ಗ ಒತ್ತಿರುತ್ತೀರಿ. ಈ ಜಾಗಕ್ಕೆ C7ಗೇ ನನ್ನ ಓಟು. ಒಂದು ಎಚ್ಚರ ಮಾತ್ರ ಬೇಕು. ಹೆಸರು ಶುರುವಾಗುವುದು ಶುದ್ಧ ನಿಯಿಂದ. ಸಸ್ಟೈನ್ ಪೆಡಲ್ ಬಿಡದಿದ್ದರೆ ನಿಮ್ಮ ಕೋಮಲ ನಿ ಅದರ ಜೊತೆ ಜಗಳಕ್ಕೆ ನಿಲ್ಲುತ್ತದೆ.

ಮೂರಕ್ಕೂ ಸಮಾನ ಅವಕಾಶ ಸಿಗುವುದು ಹೆಸರಿನ ಮೇಲೆ. ಅಲ್ಲಿ ಎಲ್ಲರೂ ಧ ಹಿಡಿದು ಎಳೆಯುತ್ತಾರೆ, ಅಲ್ವಾ? FM7, F7, ರಿಷಭದ ಮೇಲಿನ Dm7, ಮೂರರಲ್ಲೂ ಧ ಇದೆ. ಹಾಗಾಗಿ ಯಾವುದೂ ಅಪಸ್ವರ ಆಗುವುದಿಲ್ಲ, ಬಣ್ಣ ಮಾತ್ರ ಬದಲಾಗುತ್ತದೆ. FM7 ಹೆಸರನ್ನು ತೇಲಿಸಿ ನಿಲ್ಲಿಸುತ್ತದೆ. Dm7 ಕೂಡ ನಿಲ್ಲಿಸುತ್ತದೆ, ಆದರೆ ನೆರಳು ಬಿದ್ದ ಹಾಗೆ. F7 ತಮಾಷೆಯಾಗಿ ಕೇಳುತ್ತದೆ. ಅದರಲ್ಲಿರುವ ಕೋಮಲ ಗ ಎಲ್ಲಿಗೋ ಕರೆಯುತ್ತದೆ, ಹಾಡು ಮಾತ್ರ ಅದರ ಮಾತು ಕೇಳದೆ ವಾಪಸ್ C ಕಡೆ ಬರುತ್ತದೆ. ಮಕ್ಕಳ ಬರ್ತ್‌ಡೇಗೆ ನಾನು FM7 ಹಿಡಿಯುತ್ತೇನೆ. ದೊಡ್ಡವರ ಪಾರ್ಟಿಯಾದರೆ F7 ನಡೆಯುತ್ತದೆ.

ರೆಕಾರ್ಡಿಂಗ್ ಕೇಳುವಾಗ ಮೊಬೈಲ್ ಸ್ಪೀಕರ್ ನಂಬಬೇಡಿ. ಬೇಸ್ ನುಡಿಸುವ ಕೆಳಗಿನ ಸಾ ಸುಮಾರು 65 ಹರ್ಟ್ಸ್, ಅದರ ಮೇಲಿನದು ಸುಮಾರು 131. ಅಷ್ಟು ಚಿಕ್ಕ ಸ್ಪೀಕರ್‌ನಲ್ಲಿ ಇವು ಸರಿಯಾಗಿ ಬರುವುದೇ ಇಲ್ಲ. ಸಾ ಹೋದರೆ CM7 ಬರೀ ಮೈನರ್ ಕಾರ್ಡ್ ಥರ, Cm7 ಬರೀ ಮೇಜರ್ ಕಾರ್ಡ್ ಥರ ಕೇಳುತ್ತದೆ. C7 ಮಾತ್ರ ಮೋಸ ಮಾಡುವುದಿಲ್ಲ, ಅದರ ಎಳೆತ ಇರುವುದು ಗ-ನಿ ನಡುವೆ. ಇಯರ್‌ಫೋನ್ ಹಾಕಿ, ಮೊದಲು ಬೇಸ್ ಸ್ವರವನ್ನು ಗುನುಗಿ. ಅಲ್ಲಿಂದ ಅರ್ಧ ಸ್ವರ ಇಳಿದಾಗ ಕಾರ್ಡಿಗೆ ಹೊಂದಿದರೆ ಮೇಜರ್ ಸೆವೆಂತ್. ಪೂರ್ತಿ ಸ್ವರ ಇಳಿದಾಗ ಹೊಂದಿದರೆ ಉಳಿದೆರಡರಲ್ಲಿ ಒಂದು, ಆಗ ಗ ನೋಡಿದರೆ ಸಾಕು.

ಮೇಜರ್ ಸೆವೆಂತ್ ಮತ್ತು ಡಾಮಿನೆಂಟ್ ಅಕ್ಕಪಕ್ಕ ಕೇಳಬೇಕೆಂದರೆ ಬೀಟಲ್ಸ್ ತಂಡದ 1969ರ ‘ಸಮ್‌ಥಿಂಗ್’ ಹಾಕಿ. ಮೊದಲ ಸಾಲಿನಿಂದಲೇ C, CM7, C7, F ಒಂದರ ಹಿಂದೆ ಒಂದು ಬರುತ್ತವೆ. ಒಳಗೆ ಒಂದೇ ಎಳೆ ಸಾ, ಶುದ್ಧ ನಿ, ಕೋಮಲ ನಿ, ಧ ಅಂತ ಇಳಿಯುವುದನ್ನು ಹಿಂಬಾಲಿಸಿ.

ಮೈನರ್ ಸೆವೆಂತ್‌ಗೆ ನಮ್ಮ ಭೀಮಪಲಾಸಿಯೇ ಸಾಕು. ಗ, ನಿ ಎರಡೂ ಕೋಮಲ. ಕೆಳಗೆ Cm7 ಹಿಡಿದು ಎಷ್ಟು ಹೊತ್ತು ಕೂತರೂ ಹಾಡುವವರಿಗೆ ತೊಂದರೆ ಇಲ್ಲ. ರಾಗದ ವಾದಿ ಸ್ವರ ಮಧ್ಯಮ ಕೂಡ ಅದರ ಮೇಲೆ ಆರಾಮಾಗಿ ನಿಲ್ಲುತ್ತದೆ. ಖಮಾಜ್‌ನಲ್ಲಿ ಮಾತ್ರ ಹಾಗೆ ಮಾಡಬೇಡಿ. ‘ವೈಷ್ಣವ ಜನತೋ’ದಲ್ಲಿ ಕೋಮಲ ನಿ ಬರುತ್ತದೆ ಅಂತ ಉದ್ದಕ್ಕೂ C7 ಹಿಡಿದರೆ, ಸ್ವಲ್ಪ ಹೊತ್ತಿಗೆ ಮಧ್ಯಮವೇ ಸಾ ಆದ ಹಾಗೆ ಕೇಳತೊಡಗುತ್ತದೆ. ಹಾಡುವವರು ತಡಬಡಿಸುತ್ತಾರೆ. ನಾನು ಬರೀ C ಹಿಡಿದು, ಅವರು ಕೋಮಲ ನಿ ಮುಟ್ಟಿದಾಗ ಮಾತ್ರ ಒಂದು ಬೆರಳು ಸೇರಿಸಿ ತೆಗೆಯುತ್ತೇನೆ.