ಆನ್‌ಲೈನ್ ಸಂಗೀತ ಪಾಠಕ್ಕೆ ಯಾವ ಮೈಕ್, ಯಾವ ಸೆಟ್ಟಿಂಗ್: ನಾನು ಹೋಲಿಸಿ ನೋಡಿದ್ದು

"ಮಂದ್ರದ ಪ ಬರ್ತಾನೇ ಇಲ್ವಲ್ಲಮ್ಮ. ಶ್ರುತಿ ಹಾಕ್ಕೊಂಡಿಲ್ವಾ?" ಅಂತ ಮೇಷ್ಟ್ರು ಕೇಳಿದಾಗ ತಂಬೂರಿ ಆಪ್ ನನ್ನ ಪಕ್ಕದಲ್ಲೇ ಜೋರಾಗಿ ಓಡುತ್ತಿತ್ತು. ನಾನು ಹಾಡಿಯೂ ಇದ್ದೆ. ಅವರ ಕಿವಿಗೆ ಎರಡೂ ತಲುಪಿರಲಿಲ್ಲ.

ಆ ವಾರ ಗೆಳತಿಯೊಬ್ಬಳನ್ನು ಝೂಮ್ ಕಾಲ್‌ನಲ್ಲಿ ಕೂರಿಸಿಕೊಂಡೆ. ತಂಬೂರಿ ಹಾಕಿ, ಒಂದೇ ಉಸಿರಿನಲ್ಲಿ ಮಧ್ಯಸ್ಥಾಯಿ ಸ ಹಿಡಿದು ನಿಲ್ಲಿಸುವುದು, ಆಮೇಲೆ ಮೆಲ್ಲಗೆ ಮಂದ್ರದ ಪ ತನಕ ಇಳಿಯುವುದು. ಪ್ರತಿ ಸಲವೂ ಇಷ್ಟೇ. ಅವಳ ಕಡೆ ರೆಕಾರ್ಡ್ ಆಗಿದ್ದನ್ನು ಇಬ್ಬರೂ ಕೇಳಿದೆವು.

ಮೊದಲು ಮೈಕ್ ವಿಷಯ. ನಾನು ಬ್ಲೂಟೂತ್ ಇಯರ್‌ಬಡ್ ಹಾಕಿಕೊಂಡು ಹಾಡುತ್ತಿದ್ದೆ. ಅದರಲ್ಲಿ ಹಾಡು ಕೇಳಲು ಚೆಂದ, ಆದರೆ ಅದರ ಮೈಕ್ ಶುರುವಾದ ಕೂಡಲೇ ಬ್ಲೂಟೂತ್ ಫೋನ್ ಕಾಲ್ ರೀತಿಗೆ ಬದಲಾಗುತ್ತದೆ. ಹೆಚ್ಚಿನ ಇಯರ್‌ಬಡ್‌ಗಳಲ್ಲಿ ಆಗ ದನಿಯ ಮೇಲ್ಭಾಗದ ಹೊಳಪು ಹೋಗುತ್ತದೆ. ಗೆಳತಿಗೆ ನನ್ನ ಸ ಕಂಬಳಿಯೊಳಗಿಂದ ಬಂದ ಹಾಗೆ ಕೇಳಿಸಿತು. ಲ್ಯಾಪ್‌ಟಾಪಿನದೇ ಮೈಕ್ ಇದಕ್ಕಿಂತ ವಾಸಿ, ಆದರೆ ಫ್ಯಾನು, ಗೋಡೆಯ ಪ್ರತಿಧ್ವನಿ ಎಲ್ಲ ಸೇರಿಕೊಂಡಿತು. ಯುಎಸ್‌ಬಿ ಮೈಕ್ ಎಲ್ಲಕ್ಕಿಂತ ಚೆನ್ನಾಗಿತ್ತು. ಬಾಯಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಓರೆಯಾಗಿ ಇಟ್ಟಿದ್ದೆ. ವೈರ್ ಇರುವ ಮಾಮೂಲಿ ಇಯರ್‌ಫೋನ್ ಎರಡನೇ ಸ್ಥಾನ. ಅದರ ಪುಟ್ಟ ಮೈಕ್ ದುಪಟ್ಟಾಕ್ಕೆ ಉಜ್ಜಿದರೆ ಸರಸರ ಸದ್ದು ಬರುತ್ತದೆ, ಅದಕ್ಕೆ ಪಿನ್ ಹಾಕಿ ಕುತ್ತಿಗೆ ಹತ್ತಿರ ಸಿಕ್ಕಿಸಿಕೊಂಡೆ.

ಮೈಕ್ ಚುಚ್ಚಿದ ಮಾತ್ರಕ್ಕೆ ಅದೇ ಕೆಲಸ ಮಾಡುತ್ತಿದೆ ಅಂದುಕೊಳ್ಳಬೇಡಿ. ಯುಎಸ್‌ಬಿ ಮೈಕ್ ಎದುರಿಗೆ ಕೂತು ಎರಡು ಪಾಠ ಹಾಡಿದ್ದೆ, ದನಿ ಹೋಗುತ್ತಿದ್ದದ್ದು ಲ್ಯಾಪ್‌ಟಾಪಿನ ಮೈಕ್‌ನಿಂದ! ಝೂಮ್‌ನ `Audio` ಸೆಟ್ಟಿಂಗ್‌ನ `Microphone` ಪಟ್ಟಿಯಲ್ಲಿ `Same as System` ಅಂತ ಬಿಡದೆ, ನಿಮ್ಮ ಮೈಕ್‌ನ ಹೆಸರನ್ನೇ ಆರಿಸಿ. ಆಮೇಲೆ ಮೈಕ್ ಮೈಮೇಲೆ ಉಗುರಿನಿಂದ ಮೆಲ್ಲಗೆ ಕೆರೆಯಿರಿ. ದನಿಯ ಮಟ್ಟ ತೋರಿಸುವ ಇನ್‌ಪುಟ್ ಗೆರೆ ಛಂಗನೆ ಎದ್ದರೆ ಅದೇ ಮೈಕ್. ಸುಮ್ನೆ ಮಾತಾಡಿ ನೋಡಿದರೆ ಗೊತ್ತಾಗಲ್ಲ, ಯಾಕಂದ್ರೆ ಪಕ್ಕದ ಮೈಕಿಗೂ ಮಾತು ಕೇಳಿಸುತ್ತದೆ.

ಈಗ ನಿಜವಾದ ತೊಂದರೆಗೆ ಬರೋಣ. ಮೈಕ್ ಎಷ್ಟೇ ಚೆನ್ನಾಗಿದ್ದರೂ ಸ್ವರ ತುಂಡಾಗುತ್ತಲೇ ಇತ್ತು. ಕಾಲ್ ಆಪ್‌ಗಳ ಗದ್ದಲ ತೆಗೆಯುವ ವ್ಯವಸ್ಥೆ ಮಾತಿಗೆಂದು ಮಾಡಿದ್ದು. ಮಾತಿನಲ್ಲಿ ದನಿ ಏರಿಳಿಯುತ್ತದೆ, ನಡುನಡುವೆ ನಿಲ್ಲುತ್ತದೆ. ಬದಲಾಗದೆ ಒಂದೇ ಸಮ ಬರುವ ಸದ್ದನ್ನು ಅದು ಫ್ಯಾನ್ ಅಂತ ತಿಳಿದು ಅಳಿಸುತ್ತದೆ. ತಂಬೂರಿ ಇಡೀ ಹಾಗೆಯೇ ಅಲ್ವಾ? ಅಲುಗದ ಕಾರ್ವೆಯೂ ಹಾಗೆಯೇ. ರೆಕಾರ್ಡಿಂಗ್‌ನಲ್ಲಿ ನನ್ನ ಸ ಮೊದಲು ಗಟ್ಟಿಯಾಗಿ ಬಂದು, ಸ್ವಲ್ಪ ಹೊತ್ತಿಗೆ ತೆಳ್ಳಗಾಗಿ, ಅಲ್ಲಲ್ಲಿ ತೂತು ಬಿದ್ದಿತ್ತು. ಮಂದ್ರಕ್ಕೆ ಇಳಿದ ಮೇಲೆ ಉಸಿರಿನ ಸದ್ದಷ್ಟೇ ಉಳಿದಿತ್ತು. ತೊಡೆ ಮೇಲೆ ಹಾಕಿದ ತಾಳವಂತೂ ಒಂದೂ ಕೇಳಲಿಲ್ಲ.

`Background noise removal` ಅನ್ನು `Low` ಗೆ ಇಳಿಸಿದೆ. ಕಾರ್ವೆ ಉಳಿಯಿತು, ತಂಬೂರಿ ಬಂದು ಹೋಗಿ ಮಾಡುತ್ತಿತ್ತು. ಮಾತು ಜಾಸ್ತಿ, ಹಾಡು ಕಡಿಮೆ ಇರುವ ಪಾಠಕ್ಕೆ ಇದು ಸಾಕು.

ನನಗೆ ಒಪ್ಪಿಗೆಯಾದದ್ದು ಗದ್ದಲ ತೆಗೆಯದೆ ದನಿಯನ್ನು ಇದ್ದ ಹಾಗೇ ಕಳಿಸುವ `Original sound for musicians`. ಅದನ್ನು ಸೆಟ್ಟಿಂಗ್‌ನಲ್ಲಿ ಆರಿಸಿದರೆ ಸಾಲದು, ಮೀಟಿಂಗ್ ಪರದೆಯ ಮೇಲಿರುವ ಅದರ ಬಟನ್ `On` ಆಗಿದೆಯಾ ಅಂತ ಪ್ರತಿ ಪಾಠಕ್ಕೂ ನೋಡಬೇಕು. ತಂಬೂರಿ, ತಾಳ, ಮಂದ್ರದ ಪ ಎಲ್ಲ ಬಂತು. ಕುಕ್ಕರ್ ಸೀಟಿಯೂ ಬಂತು, ಅದಕ್ಕೆ ಬಾಗಿಲು ಹಾಕಿಕೊಳ್ಳಲೇಬೇಕು. ಅದರ ಕೆಳಗಿರುವ `Echo cancellation` ಅನ್ನು ಇಯರ್‌ಫೋನ್ ಹಾಕಿದ್ದರೆ ಮಾತ್ರ ತೆಗೆಯಿರಿ. ಸ್ಪೀಕರ್‌ನಲ್ಲಿ ಕೇಳುತ್ತಾ ತೆಗೆದರೆ ಮೇಷ್ಟ್ರಿಗೆ ಅವರ ದನಿಯೇ ತಿರುಗಿ ಹೋಗುತ್ತದೆ. `High-fidelity music mode` ಗೆ ಇಂಟರ್ನೆಟ್ ಜಾಸ್ತಿ ಬೇಕು. ನಮ್ಮ ವೈಫೈ ಸೋತಾಗ ನಾನು ಮೊದಲು ತೆಗೆಯುವುದು ಇದನ್ನೇ.

ಇಬ್ಬರೂ ಒಟ್ಟಿಗೆ ಹಾಡುವುದು ಮಾತ್ರ ಇದರಿಂದಲೂ ಆಗಲ್ಲ. ದನಿ ತಲುಪಲು ಹಿಡಿಯುವ ಸಮಯ ಹಾಗೇ ಉಳಿಯುತ್ತದೆ, ತಾಳ ಜಾರುತ್ತದೆ. ನಾವು ಅವರೊಂದು ಸಾಲು, ನಾನೊಂದು ಸಾಲು ಅಂತ ನಡೆಸುತ್ತೇವೆ.

ಮುಂದಿನ ಪಾಠದಲ್ಲಿ ಅದೇ ಪ ಹಿಡಿದೆ. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿದರು. "ಈಗ ತಂಬೂರಿ ಕೇಳ್ತಿದೆ. ನಿನ್ನ ಪ ಒಂದು ಕೂದಲೆಳೆ ಇಳಿದಿದೆ, ಇನ್ನೊಂದ್ಸಲ ಹಿಡಿ," ಅಂದರು.