ಅಂಗಡಿಯ ಹೆಸರಿನ ಜೋಳದ ಹಿಟ್ಟು: ದೂರದ ಪ್ಯಾಕಿಂಗ್ ಘಟಕವೋ, ನಮ್ಮೂರ ಗಿರಣಿಯೋ?

ವಿಜಯಪುರದ ನಮ್ಮ ಕಿರಾಣಿ ಅಂಗಡಿಯ ಹೆಸರಿನಲ್ಲೇ ಬಿಳಿಜೋಳದ ಹಿಟ್ಟು ಮಾರಲು ಎರಡು ದಾರಿಗಳನ್ನು ಪ್ರಯತ್ನಿಸಿದ್ದೇನೆ. ಊರಿನ ಗಿರಣಿಯನ್ನೇ ನಾನು ಮೆಚ್ಚುತ್ತೇನೆ. ಆದರೆ ಅದು ತಿಳಿದದ್ದು ನಷ್ಟವಾದ ಮೇಲೆ.

ಮೊದಲು ದೂರದ ಘಟಕವೊಂದರಿಂದ ನಮ್ಮ ಹೆಸರು ಮುದ್ರಿಸಿದ ಒಂದು ಕಿಲೋ ಪೊಟ್ಟಣಗಳನ್ನು ತರಿಸಿದೆ. ದರ ಕಿಲೋಗೆ 52 ರೂಪಾಯಿ, ಮಾರಾಟ ಬೆಲೆ 62. ಗಿರಣಿಯಲ್ಲಿ ಮಾಡಿಸಿದರೆ ಜೋಳಕ್ಕೆ 44 ರೂಪಾಯಿ. ಸ್ವಚ್ಛಗೊಳಿಸುವಾಗ ಮತ್ತು ಬೀಸುವಾಗ ಆಗುವ ನಷ್ಟ, ಬೀಸುವ ಕೂಲಿ, ಚೀಲ ಎಲ್ಲವೂ ಸೇರಿ 56 ಬೀಳುತ್ತದೆ, ಮಾರುವುದು 66ಕ್ಕೆ. ಪೊಟ್ಟಣ ಕಟ್ಟಿ ಹೆಸರು ಹಚ್ಚಿದ ಹಿಟ್ಟಿಗೆ ಶೇ. 5 ಜಿಎಸ್‌ಟಿ ಇರುವುದರಿಂದ, ಅದನ್ನು ಕಳೆದರೆ ಎರಡರಲ್ಲೂ ಕಿಲೋಗೆ ಸುಮಾರು 7 ರೂಪಾಯಿಯೇ ಉಳಿಯುತ್ತದೆ.

ಕಾಗದದ ಮೇಲೆ ಸಮನಾಗಿದ್ದ ಈ ಲೆಕ್ಕವನ್ನು ಕೆಡಿಸಿದ್ದು ಘಟಕದ ಒಂದು ಷರತ್ತು: ಒಮ್ಮೆಗೆ 500 ಕಿಲೋಗಿಂತ ಕಡಿಮೆ ಕೊಡುವುದಿಲ್ಲ. ನಮ್ಮಲ್ಲಿ ವಾರಕ್ಕೆ ಹೋಗುವುದು 55 ಕಿಲೋದಷ್ಟು. ಜೋಳದ ಮೊಳಕೆಯ ಭಾಗದಲ್ಲಿ ಎಣ್ಣೆಯಂಶವಿರುತ್ತದೆ; ಬೀಸಿದ ಕೂಡಲೇ ಅದಕ್ಕೆ ಗಾಳಿ ತಾಗಿ, ಏಪ್ರಿಲ್ ಬಿಸಿಲಿನಲ್ಲಿ ಹಿಟ್ಟು ಬೇಗನೆ ಕಹಿಯಾಗುತ್ತದೆ. ಪೊಟ್ಟಣದ ಮೇಲೆ ಅವಧಿ ಇನ್ನೂ ಉಳಿದಿದ್ದರೂ ಐದನೆಯ ವಾರದಲ್ಲಿ ಒಬ್ಬ ತಾಯಿ ಪೊಟ್ಟಣವನ್ನು ಹಿಂದಕ್ಕೆ ತಂದು, "ಅಣ್ಣಾರ, ಈ ಹಿಟ್ಟಿನ್ಯಾಗ ಜಿಗಿನೇ ಇಲ್ರಿ, ರೊಟ್ಟಿ ಬಡಿಯಾಕತ್ರ ಹರೀತಾವ" ಎಂದರು. ಮನೆಯಲ್ಲಿ ಬಡಿದು ನೋಡಿದರೆ ಅವರ ಮಾತು ನಿಜ. ಆರು ವಾರಗಳಲ್ಲಿ 340 ಕಿಲೋ ಮಾರಿ, ಉಳಿದ 160 ಕಿಲೋವನ್ನು ಕಪಾಟಿನಿಂದ ತೆಗೆದೆ. ಕೊಟ್ಟ 26,000 ರೂಪಾಯಿಯನ್ನು ಮಾರಿದ ಹಿಟ್ಟಿಗೆ ಹಂಚಿದರೆ ಕಿಲೋಗೆ 76 ರೂಪಾಯಿ ಬಿದ್ದಿತ್ತು, ಮಾರಿದ್ದು 62ಕ್ಕೆ.

ಈಗ ಪ್ರತಿ ಸೋಮವಾರ ಬೆಳಿಗ್ಗೆ ಗಿರಣಿಯಲ್ಲಿ 55 ಕಿಲೋ ಬೀಸಿಸುತ್ತೇನೆ. ಗಿರಣಿಯಲ್ಲೂ ತೊಡಕಿದೆ: ಹಿಂದಿನ ದಿನ ಕಡಲೆಯನ್ನೋ ಗೋಧಿಯನ್ನೋ ಬೀಸಿದ್ದರೆ ಅದರ ಪುಡಿ ನಮ್ಮ ಹಿಟ್ಟಿಗೆ ಬೆರೆಯುತ್ತದೆ, ಕಲ್ಲಿಗೆ ಹೊಸದಾಗಿ ಚಾಣ ಹೊಡೆಸಿದ್ದರೆ ಹರಳು ಬರುತ್ತದೆ. ಆದ್ದರಿಂದ ದಿನದ ಮೊದಲ ಸರದಿಯನ್ನೇ ಕೇಳಿ ಪಡೆದು, ಮೊದಲು ಬಿದ್ದ ಎರಡು ಕಿಲೋವನ್ನು ಬೇರೆಯಿಡುತ್ತೇನೆ. ಪೊಟ್ಟಣ ಕಟ್ಟುವ ಮುನ್ನ ಚಿಟಿಕೆ ಹಿಟ್ಟನ್ನು ನಾಲಿಗೆಗೆ ಹಾಕಿ ಕಹಿ ನೋಡುತ್ತೇವೆ. ಬಳಿಕ ಬಿಸಿನೀರಿನಲ್ಲಿ ನಾದಿ ಎರಡು ರೊಟ್ಟಿ ಬಡಿಯುತ್ತೇವೆ. ಅಂಚು ಸೀಳದೆ ಅಗಲವಾದರೆ ಮಾತ್ರ ಮಾರಾಟ. ಪ್ರತಿ ವಾರದ ಒಂದು ಪೊಟ್ಟಣವನ್ನು ತಾರೀಕು ಬರೆದು ಅಂಗಡಿಯಲ್ಲೇ ಇಟ್ಟು, ಎಷ್ಟನೆಯ ದಿನಕ್ಕೆ ಕೆಡುತ್ತದೆಂದು ನೋಡಿದ ಮೇಲೆಯೇ ಚೀಟಿಯ ಮೇಲಿನ ಅವಧಿಯನ್ನು ಬೇಸಿಗೆಗೆ 20 ದಿನಕ್ಕೆ ಇಳಿಸಿದೆ.

ಗಿರಣಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಇದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು.

ಒಂದೇ ಅಂಗಡಿಯಿದ್ದು ಸೋಮವಾರದ ಬೆಳಗನ್ನು ಗಿರಣಿಗೆ ಕೊಡಬಲ್ಲ ನನಗೆ ಇದು ಹೊಂದುತ್ತದೆ. ಮೂರು ನಾಲ್ಕು ಅಂಗಡಿಗಳಿರುವವರು ಘಟಕಕ್ಕೇ ಹೋಗಬಹುದು. ಆದರೆ ದರ ಎರಡು ರೂಪಾಯಿ ಹೆಚ್ಚಾದರೂ ಸರಿ, ಎರಡು ವಾರದಲ್ಲಿ ಖಾಲಿಯಾಗುವಷ್ಟೇ ಹಿಟ್ಟನ್ನು ಕಂತಿನಲ್ಲಿ ಕಳುಹಿಸುವ ಕರಾರನ್ನು ಮೊದಲೇ ಬರೆಸಿಕೊಳ್ಳಬೇಕು.